ಒಂಬತ್ತು ತಿಂಗಳು ಹಿಡಿಯುವ ಮಾರಾಟಕ್ಕೆ ಒಂದು ವರ್ಷದ ಯೋಜನೆ

ಪ್ರಶ್ನೆ: ನಾವು ಆರು ಜನ ಸೇರಿ ಪೀಣ್ಯದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ತಪಾಸಣೆ ದಾಖಲೆ ಮತ್ತು ಗುಣಮಟ್ಟದ ದೂರುಗಳನ್ನು ನಿರ್ವಹಿಸುವ ಸಾಫ್ಟ್‌ವೇರ್ ನಮ್ಮದು. ಒಂದು ಘಟಕಕ್ಕೆ ವರ್ಷಕ್ಕೆ 8 ಲಕ್ಷ ರೂಪಾಯಿ. ಇದುವರೆಗೆ 40 ಡೆಮೊ, 7 ಉಚಿತ ಪೈಲಟ್ ಮಾಡಿದ್ದೇವೆ, 3 ಗ್ರಾಹಕರು ಸಿಕ್ಕಿದ್ದಾರೆ. ಅವರಿಂದ ಆರ್ಡರ್ ಬರಲು 7, 9 ಮತ್ತು 11 ತಿಂಗಳು ಹಿಡಿಯಿತು. 9 ಕಂಪನಿಗಳು ಬೇಡ ಎಂದವು, ಉಳಿದ 28 ಕಂಪನಿಗಳು ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಲೇ ಇವೆ. ಬ್ಯಾಂಕಿನಲ್ಲಿ 1.35 ಕೋಟಿ ಇದೆ, ತಿಂಗಳ ಖರ್ಚು 9 ಲಕ್ಷ. ಈ ಏಪ್ರಿಲ್‌ನಲ್ಲಿ ಇಬ್ಬರು ಅನುಭವಿ ಮಾರಾಟಗಾರರನ್ನು ನೇಮಿಸಿಕೊಂಡು ಮಾರ್ಚ್ ಒಳಗೆ 12 ಹೊಸ ಗ್ರಾಹಕರನ್ನು ತರಬೇಕೆಂದಿದ್ದೇವೆ. ಯೋಜನೆ ಹೇಗಿರಬೇಕು?

ಉತ್ತರ: ನೀವು ಕೊಟ್ಟಿರುವ ಅಂಕಿಗಳೇ ಹನ್ನೆರಡು ಗ್ರಾಹಕರು ಮಾರ್ಚ್ ಒಳಗೆ ಸಾಧ್ಯವಿಲ್ಲ ಎಂದು ಹೇಳುತ್ತಿವೆ. ಏಕೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಆ ಕಾರಣದೊಳಗೇ ನಿಮ್ಮ ಯೋಜನೆ ಅಡಗಿದೆ.

ಮೂರು ಆರ್ಡರ್‌ಗಳ ಸರಾಸರಿ ಅವಧಿ ಒಂಬತ್ತು ತಿಂಗಳು. ಮಾರ್ಚ್ ಕೊನೆಗೆ ಆರ್ಡರ್ ಕೈಗೆ ಬರಬೇಕಾದರೆ ಆ ಕಾರ್ಖಾನೆಯ ಜೊತೆ ನಿಮ್ಮ ಮೊದಲ ಭೇಟಿ ಜೂನ್ ಮುಗಿಯುವುದರೊಳಗೆ ಆಗಿರಬೇಕು. ಜೂನ್ ನಂತರ ಪರಿಚಯವಾಗುವ ಪ್ರತಿಯೊಂದು ಕಂಪನಿಯೂ ಮುಂದಿನ ಆರ್ಥಿಕ ವರ್ಷದ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಈ ವರ್ಷದ್ದಕ್ಕಲ್ಲ. ಏಪ್ರಿಲ್‌ನಲ್ಲಿ ನೇಮಿಸಿಕೊಂಡ ಮಾರಾಟಗಾರರು ನಿಮ್ಮ ಸಾಫ್ಟ್‌ವೇರನ್ನೂ ಕಾರ್ಖಾನೆಯ ಭಾಷೆಯನ್ನೂ ಕಲಿಯುವುದಕ್ಕೆ ಮೂರು ತಿಂಗಳು ಬೇಕು. ಅಷ್ಟರಲ್ಲಿ ಈ ವರ್ಷದ ಬಾಗಿಲು ಮುಚ್ಚಿರುತ್ತದೆ. ಅವರು ಎಷ್ಟೇ ಸಮರ್ಥರಾಗಿದ್ದರೂ ಅವರ ಮೊದಲ ಆರ್ಡರ್ ಬರುವುದು ಮುಂದಿನ ಏಪ್ರಿಲ್‌ನ ಆಚೆಗೆ. ಒಬ್ಬೊಬ್ಬರ ಸಂಬಳ, ಓಡಾಟ ಸೇರಿ ತಿಂಗಳಿಗೆ 1.75 ಲಕ್ಷ ಎಂದು ಹಿಡಿದರೂ ಇಬ್ಬರಿಗೆ ವರ್ಷಕ್ಕೆ 42 ಲಕ್ಷವಾಗುತ್ತದೆ. ಅದು ನಿಮ್ಮ ಬ್ಯಾಂಕಿನ ಹಣದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. ನಿಮಗೆ ಬಂದ ಮೂರು ಆರ್ಡರ್‌ಗಳೂ ಪೈಲಟ್ ದಾಟಿಯೇ ಬಂದಿವೆ ಎಂದುಕೊಂಡಿದ್ದೇನೆ, ಏಕೆಂದರೆ ಈ ಬಗೆಯ ಸಾಫ್ಟ್‌ವೇರನ್ನು ಯಾವ ಕಾರ್ಖಾನೆಯೂ ನೋಡಿ ಮಾತ್ರ ಕೊಳ್ಳುವುದಿಲ್ಲ. ಹಾಗಿದ್ದರೆ ಏಳು ಪೈಲಟ್‌ಗೆ ಮೂರು ಆರ್ಡರ್ ಎಂಬುದು ನಿಮ್ಮ ಅನುಪಾತ. ಹನ್ನೆರಡು ಆರ್ಡರ್ ಬೇಕಾದರೆ 28 ಪೈಲಟ್ ನಡೆಯಬೇಕು. ಪೈಲಟ್ ಎಂದರೆ ನಿಮ್ಮವರೊಬ್ಬರು ಕಾರ್ಖಾನೆಯೊಳಗೆ ಕೂತು ತಪಾಸಣೆ ಹಾಳೆಗಳನ್ನು ಪರದೆಗೆ ತರುವುದು, ಆಪರೇಟರ್‌ಗಳಿಗೆ ಹೇಳಿಕೊಡುವುದು, ರಾತ್ರಿ ಪಾಳಿಯಲ್ಲಿ ಯಾರೂ ನಮೂದು ಮಾಡಿಲ್ಲ ಎಂದು ಬೆಳಿಗ್ಗೆ ಹೋಗಿ ನೋಡುವುದು. ಆರು ಜನರ ಕಂಪನಿಯಲ್ಲಿ ಈ ಕೆಲಸ ಬಲ್ಲವರು ಒಬ್ಬರಿರಬಹುದು, ಮತ್ತು ಅವರು ಒಮ್ಮೆಗೆ ಎರಡು ಪೈಲಟ್ ನಡೆಸಬಲ್ಲರು. ಪೈಲಟ್ ಒಂದಕ್ಕೆ ಆರು ವಾರ ಬೇಕು. ಆರ್ಡರ್ ಮಾರ್ಚ್ ಒಳಗೆ ಬರಬೇಕೆಂದರೆ ಪೈಲಟ್ ಜೂನ್‌ನಿಂದ ನವೆಂಬರ್ ನಡುವೆ ಶುರುವಾಗಿ ಮುಗಿಯಬೇಕು, ಏಕೆಂದರೆ ಪೈಲಟ್ ಮುಗಿದ ಮೇಲೂ ಕಡತ ಕಾರ್ಖಾನೆಯೊಳಗೆ ಮೂರು ತಿಂಗಳು ಸುತ್ತುತ್ತದೆ. ಆ 26 ವಾರಗಳಲ್ಲಿ ಒಬ್ಬ ವ್ಯಕ್ತಿ ನಾಲ್ಕು ಸುತ್ತು, ಅಂದರೆ ಎಂಟು ಪೈಲಟ್ ಮುಗಿಸಬಹುದು. ಎಂಟಕ್ಕೆ ನಿಮ್ಮ ಅನುಪಾತ ಅನ್ವಯಿಸಿದರೆ ಮೂರೂವರೆ ಆರ್ಡರ್. ನಿಮ್ಮ ಮಿತಿ ಇರುವುದು ಡೆಮೊಗಳ ಸಂಖ್ಯೆಯಲ್ಲೂ ಅಲ್ಲ, ಮಾರಾಟಗಾರರ ಸಂಖ್ಯೆಯಲ್ಲೂ ಅಲ್ಲ, ಪೈಲಟ್ ನಡೆಸುವ ಕೈಗಳ ಸಂಖ್ಯೆಯಲ್ಲಿ.

ಆದ್ದರಿಂದ ನೀವು ಈಗ ನೇಮಿಸಿಕೊಳ್ಳಬೇಕಾದವರು ಮಾರಾಟಗಾರರಲ್ಲ. ಬಿಡಿಭಾಗ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಐದಾರು ವರ್ಷ ಕೆಲಸ ಮಾಡಿದ, ತಪಾಸಣೆ ಹಾಳೆಗಳನ್ನು ಸ್ವತಃ ತುಂಬಿ ಬೇಸತ್ತ ಒಬ್ಬ ಎಂಜಿನಿಯರ್ ಬೇಕು. ಅಂಥವರನ್ನು ತಿಂಗಳಿಗೆ ಎಲ್ಲ ಸೇರಿ 75,000 ರೂಪಾಯಿಯಂತೆ ಮೇ ತಿಂಗಳಿನಿಂದ ತೆಗೆದುಕೊಂಡರೆ ಮಾರ್ಚ್‌ವರೆಗೆ 8.25 ಲಕ್ಷವಾಗುತ್ತದೆ. ಆಗಸ್ಟ್‌ನಿಂದ ಅವರು ಸ್ವತಂತ್ರವಾಗಿ ಪೈಲಟ್ ನಡೆಸಿ, ನವೆಂಬರ್ ಮುಗಿಯುವುದರೊಳಗೆ ಇನ್ನು ನಾಲ್ಕನ್ನು ಸೇರಿಸಬಲ್ಲರು. ಒಟ್ಟು ಹನ್ನೆರಡು ಪೈಲಟ್, ಐದು ಆರ್ಡರ್. ಇದು ನಿಮ್ಮ ಗುರಿ. ಸಂಸ್ಥಾಪಕರಲ್ಲಿ ಇಬ್ಬರು ಮಾರಾಟವನ್ನು ತಾವೇ ಮಾಡಬೇಕು. ಎಂಟು ಹತ್ತು ಗ್ರಾಹಕರಾಗುವವರೆಗೆ ಅದನ್ನು ಬೇರೆಯವರಿಗೆ ಒಪ್ಪಿಸುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಏನು ಹೇಳಿದರೆ ಯಾರು ಒಪ್ಪುತ್ತಾರೆ ಎಂಬುದು ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ.

ಈಗ ಆ 28 ಕಂಪನಿಗಳ ವಿಷಯ. ‘ಮುಂದಿನ ತಿಂಗಳು ನೋಡೋಣ’ ಎಂಬುದು ನಿರಾಕರಣೆಯಲ್ಲ, ಒಪ್ಪಿಗೆಯೂ ಅಲ್ಲ. ಈ ಬಗೆಯ ಮಾರಾಟದಲ್ಲಿ ಪ್ರತಿಸ್ಪರ್ಧಿ ಕಂಪನಿಗೆ ಸೋಲುವುದಕ್ಕಿಂತ ಹೆಚ್ಚಾಗಿ ‘ಈಗಿರುವಂತೆಯೇ ನಡೆಯಲಿ’ ಎಂಬ ಸ್ಥಿತಿಗೆ ಸೋಲುತ್ತೇವೆ. ಕಾಗದ ಮತ್ತು ಎಕ್ಸೆಲ್ ಸೇರಿ ಹೇಗೋ ಕೆಲಸ ಸಾಗುತ್ತಿದೆ, ನಿರ್ಧಾರ ಮುಂದೂಡಿದರೆ ಯಾರ ಕೆಲಸಕ್ಕೂ ಕುತ್ತಿಲ್ಲ, ನಿರ್ಧಾರ ಮಾಡಿ ಅದು ಕೈಕೊಟ್ಟರೆ ಮಾತ್ರ ಹೆಸರು ಕೆಡುತ್ತದೆ. ಹೀಗಿರುವಾಗ ಮಾರಾಟದ ಹಂತಗಳನ್ನು ನೀವು ಮಾಡಿದ ಕೆಲಸದಿಂದ ಗುರುತಿಸಿದರೆ ಮೋಸ ಹೋಗುತ್ತೀರಿ. ‘ಡೆಮೊ ಆಯಿತು’, ‘ಕೊಟೇಷನ್ ಕಳಿಸಿದೆವು’, ‘ಮೂರು ಸಲ ಫೋನ್ ಮಾಡಿದೆವು’ ಇವೆಲ್ಲ ನಿಮ್ಮ ಶ್ರಮದ ದಾಖಲೆ. ಗ್ರಾಹಕರು ಮಾಡಿದ ಕೆಲಸದಿಂದ ಹಂತಗಳನ್ನು ಗುರುತಿಸಿ. ಗುಣಮಟ್ಟ ವಿಭಾಗದ ಮುಖ್ಯಸ್ಥರು ಕಳೆದ ಒಂದು ವರ್ಷದ ದೂರುಗಳ ಪಟ್ಟಿಯನ್ನು ನಿಮ್ಮ ಮುಂದೆ ತೆರೆದಿಟ್ಟರೇ? ಅವರೇ ಸಮಯ ಗೊತ್ತುಮಾಡಿ ನಿಮ್ಮನ್ನು ಪ್ಲಾಂಟ್ ಹೆಡ್ ಬಳಿಗೆ ಕರೆದೊಯ್ದರೇ? ಪೈಲಟ್ ಪತ್ರಕ್ಕೆ ಸಹಿಯಾಯಿತೇ? ಪರ್ಚೇಸ್ ವಿಭಾಗ ನಿಮಗೆ ವೆಂಡರ್ ಕೋಡ್ ಕೊಟ್ಟಿತೇ? ಗ್ರಾಹಕರಿಗೆ ಸ್ವಲ್ಪವಾದರೂ ಶ್ರಮವಾಗುವಂಥ ಕೆಲಸ ಆಗಿಲ್ಲವೆಂದರೆ ಮಾರಾಟ ಮುಂದೆ ಹೋಗಿಲ್ಲವೆಂದೇ ಅರ್ಥ.

ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಈ 28 ಕಂಪನಿಗಳನ್ನು ಸೋಸುವುದಕ್ಕೆ ಮೀಸಲಿಡಿ. ಇನ್ನೊಂದು ಡೆಮೊಗೆ ಅವಕಾಶ ಕೇಳಬೇಡಿ. ದೂರುಗಳ ಪಟ್ಟಿಯನ್ನು ಇಟ್ಟುಕೊಂಡು ಒಂದು ಗಂಟೆ ಕೂರೋಣ ಎಂದು ಕೇಳಿ. ಅದಕ್ಕೂ ಸಮಯ ಕೊಡದವರನ್ನು ಪಟ್ಟಿಯಿಂದ ತೆಗೆದು, ಮೂರು ತಿಂಗಳಿಗೊಮ್ಮೆ ಒಂದು ಪತ್ರ ಬರೆದರೆ ಸಾಕು. ಜೂನ್‌ನಲ್ಲಿ ಶುರುವಾಗಬೇಕಾದ ಪೈಲಟ್‌ಗಳು ಬರಬೇಕಾದದ್ದು ಈ ಹಳೆಯ ಪರಿಚಯಗಳಿಂದಲೇ, ಏಕೆಂದರೆ ಇವರೊಡನೆ ನಿಮ್ಮ ಒಂಬತ್ತು ತಿಂಗಳಲ್ಲಿ ಕೆಲವು ತಿಂಗಳು ಆಗಲೇ ಕಳೆದಿವೆ. ಹೊಸ ಕಂಪನಿಗಳ ಮೊದಲ ಭೇಟಿಯೂ ಇದೇ ಅವಧಿಯಲ್ಲಿ, ಜೂನ್ ಕೊನೆಯೊಳಗೆ ಮುಗಿಯಬೇಕು; ಅವರ ಪೈಲಟ್‌ಗಳು ಸೆಪ್ಟೆಂಬರ್, ಅಕ್ಟೋಬರ್‌ಗೆ ಬರುತ್ತವೆ.

ಹೊಸ ಕಂಪನಿಗಳನ್ನು ಆರಿಸುವಾಗ ‘ವಾಹನ ಬಿಡಿಭಾಗ ಕಾರ್ಖಾನೆಗಳು’ ಎಂಬ ವಿಂಗಡಣೆ ತೀರಾ ಅಗಲವಾಯಿತು. ಮೆಷಿನಿಂಗ್ ಮಾಡುವ ಕಾರ್ಖಾನೆಯ ತಪಾಸಣೆಯೇ ಬೇರೆ, ರಬ್ಬರ್ ಅಥವಾ ಎರಕದ ಕಾರ್ಖಾನೆಯದೇ ಬೇರೆ. ನಿಮ್ಮ ಮೂವರು ಗ್ರಾಹಕರಲ್ಲಿ ಇಬ್ಬರಾದರೂ ಒಂದೇ ಬಗೆಯವರಿದ್ದರೆ ಆ ಬಗೆಗೇ ಅಂಟಿಕೊಳ್ಳಿ. ಮೆಷಿನಿಂಗ್ ಎಂದಾದರೆ ಪೀಣ್ಯ, ಬೊಮ್ಮಸಂದ್ರ ಮತ್ತು ಗಡಿಯಾಚೆಯ ಹೊಸೂರು ಈ ವರ್ಷಕ್ಕೆ ಧಾರಾಳವಾಯಿತು. ಬೆಳಗಾವಿ ಮತ್ತು ಹುಬ್ಬಳ್ಳಿ–ಧಾರವಾಡದ ಕಡೆ ಒಳ್ಳೆಯ ಕಾರ್ಖಾನೆಗಳಿದ್ದರೂ ಪೈಲಟ್ ನಡೆಸುವವರು ಬೆಳಿಗ್ಗೆ ಹೋಗಿ ಸಂಜೆ ಬರುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಮುಂದಿನ ವರ್ಷಕ್ಕೆ ಬಿಡಿ. ಹತ್ತಿರದ ಈ ಮೂರು ಕಡೆಗಳಲ್ಲಿಯೂ ವಾಹನ ಬಿಡಿಭಾಗ ತಯಾರಕರ ಗುಣಮಟ್ಟ ವ್ಯವಸ್ಥೆಗೆ ಸಿಗುವ ಐ.ಎ.ಟಿ.ಎಫ್. 16949 ಪ್ರಮಾಣಪತ್ರ ಇರುವವರನ್ನೇ ನೋಡಿ. ಈ ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ಪ್ರತಿವರ್ಷವೂ ಮೇಲ್ವಿಚಾರಣಾ ಆಡಿಟ್ ಇರುತ್ತದೆ. ಆಡಿಟ್‌ಗೆ ನಾಲ್ಕೈದು ತಿಂಗಳು ಇರುವಾಗ ಹೋದರೆ ನಿಮ್ಮ ಮಾತಿಗೆ ಬೆಲೆ ಇರುತ್ತದೆ, ಆಡಿಟ್ ಮುಗಿದ ವಾರ ಹೋದರೆ ಕಾಫಿ ಸಿಗುತ್ತದೆ ಅಷ್ಟೇ. ಹೊಸ ಬಿಡಿಭಾಗದ ಉತ್ಪಾದನೆ ಶುರುವಾಗುವುದು, ಎರಡನೇ ಘಟಕ ತೆರೆಯುವುದು, ದೊಡ್ಡ ಗ್ರಾಹಕರಿಂದ ಗಂಭೀರ ದೂರು ಬಂದಿರುವುದು, ಇವೂ ಅಂಥದೇ ಸಂದರ್ಭಗಳು. ಪ್ರತಿ ಕಂಪನಿಯ ಹೆಸರಿನ ಮುಂದೆ ಇಂಥ ಒಂದು ಕಾರಣವನ್ನು ತಿಂಗಳ ಸಮೇತ ಬರೆಯಲಾಗದಿದ್ದರೆ ಆ ಹೆಸರು ಪಟ್ಟಿಯಲ್ಲಿ ಇರಬಾರದು. ಜನವರಿಯಲ್ಲಿ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂಥ ಮೇಳಗಳಿಗೆ ಹೋಗಬೇಡಿ ಎನ್ನುವುದಿಲ್ಲ. ಆದರೆ ಅಲ್ಲಿ ಸಿಗುವ ವಿಸಿಟಿಂಗ್ ಕಾರ್ಡ್‌ಗಳು ಮುಂದಿನ ವರ್ಷದ ಬೀಜ ಎಂದು ತಿಳಿದು, ಅದಕ್ಕೆ ತಕ್ಕಷ್ಟೇ ಖರ್ಚು ಮಾಡಿ.

ಕಂಪನಿ ಸರಿಯಾದದ್ದೇ ಎಂದು ತಿಳಿಯಲು ಒಂದು ಲೆಕ್ಕವನ್ನು ಮೊದಲ ಎರಡು ಭೇಟಿಗಳಲ್ಲೇ ಮಾಡಿ ಮುಗಿಸಬೇಕು. ಒಂದು ಕಾರ್ಖಾನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆರು ಜನ ತಪಾಸಕರು ದಿನಕ್ಕೆ ಒಂದೊಂದು ಗಂಟೆ ಹಾಳೆಯಿಂದ ಎಕ್ಸೆಲ್‌ಗೆ ಅಂಕಿ ಇಳಿಸುತ್ತಾರೆ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 1,800 ಗಂಟೆ, ಗಂಟೆಗೆ 200 ರೂಪಾಯಿಯಂತೆ 3.6 ಲಕ್ಷ. ಸಾಫ್ಟ್‌ವೇರ್ ಮಾರುವವರೆಲ್ಲ ಈ ಅಂಕಿಯನ್ನೇ ಮೊದಲ ಪುಟದಲ್ಲಿ ಹಾಕುತ್ತಾರೆ, ಮತ್ತು ಹಣಕಾಸು ಮುಖ್ಯಸ್ಥರು ಮೊದಲು ಕಾಟು ಹಾಕುವುದೂ ಇದನ್ನೇ. ಅವರ ಪ್ರಶ್ನೆ ಸರಳ: ಈ ಆರು ಜನರಲ್ಲಿ ಯಾರ ಸಂಬಳ ಉಳಿಯುತ್ತದೆ? ಯಾರದ್ದೂ ಇಲ್ಲ. ಇನ್ನು ದೂರುಗಳ ಕಡೆ ಬನ್ನಿ. ಕಳೆದ ವರ್ಷ ವಾಹನ ಕಂಪನಿಯಿಂದ ಬಂದ ದೂರುಗಳಿಗಾಗಿ ಇವರು ಜನರನ್ನು ಕಳಿಸಿ ಗ್ರಾಹಕರ ಅಂಗಳದಲ್ಲೇ ಭಾಗಗಳನ್ನು ಮರುತಪಾಸಣೆ ಮಾಡಿಸಿದ್ದು, ಬದಲಿ ಭಾಗಗಳನ್ನು ತುರ್ತು ವಾಹನದಲ್ಲಿ ಕಳಿಸಿದ್ದು, ಗ್ರಾಹಕರು ಬಿಲ್‌ನಲ್ಲಿ ಕಡಿತ ಮಾಡಿದ್ದು ಸೇರಿ 24 ಲಕ್ಷ ಖರ್ಚಾಗಿದೆ ಎನ್ನೋಣ. ತಪಾಸಣೆ ತಪ್ಪಿದ್ದರಿಂದಲೇ ಆದ ದೂರುಗಳನ್ನು ಅವರೊಡನೆ ಕೂತು ಒಂದೊಂದಾಗಿ ಗುರುತಿಸಿದಾಗ ಮೂರನೇ ಒಂದು ಪಾಲು, ಅಂದರೆ 8 ಲಕ್ಷ ಸಿಕ್ಕಿತು. ಇದು ಅವರದೇ ಪುಸ್ತಕದ ಅಂಕಿ, ಆದ್ದರಿಂದ ಇದನ್ನು ಯಾರೂ ಹೊಡೆದುಹಾಕುವುದಿಲ್ಲ. ನಿಮ್ಮ ಬೆಲೆಯೂ 8 ಲಕ್ಷ. ಅಂದರೆ ಈ ಕಾರ್ಖಾನೆ ನಿಮಗೆ ಅಂಚಿನಲ್ಲಿರುವ ಗ್ರಾಹಕ. ದೂರುಗಳ ವಾರ್ಷಿಕ ವೆಚ್ಚ ನಿಮ್ಮ ಬೆಲೆಯ ಮೂರು ಪಟ್ಟಿಗಿಂತ ಕಡಿಮೆ ಇರುವ ಕಡೆ ಪೈಲಟ್ ಶುರುಮಾಡಬೇಡಿ ಎಂಬುದು ನನ್ನ ಲೆಕ್ಕಾಚಾರ. ನಿಮ್ಮ 28 ಕಂಪನಿಗಳಲ್ಲಿ ಬಹುಪಾಲು ಇಲ್ಲಿಯೇ ಉದುರಿದರೆ ಆಶ್ಚರ್ಯಪಡಬೇಡಿ. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಅವಸರ ಇರಲಿಲ್ಲ.

ಕಾರ್ಖಾನೆಯೊಳಗೆ ನಿರ್ಧಾರ ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಾರಾಟಕ್ಕೆ ಬರುವ ಮೊದಲು ನಾನು ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೆ ಮತ್ತು ಇಂಥ ಕಡತಗಳು ಎಲ್ಲಿ ಮಲಗುತ್ತವೆ ಎಂಬುದನ್ನು ಒಳಗಿನಿಂದ ನೋಡಿದ್ದೇನೆ. ಗುಣಮಟ್ಟ ಮುಖ್ಯಸ್ಥರಿಗೆ ನಿಮ್ಮ ಸಾಫ್ಟ್‌ವೇರ್ ಬೇಕು, ಆದರೆ ಹಣ ಅವರ ಕೈಯಲ್ಲಿಲ್ಲ. ಪ್ಲಾಂಟ್ ಹೆಡ್‌ಗೆ ಒಂದು ಮಿತಿಯವರೆಗೆ ಸಹಿ ಹಾಕುವ ಅಧಿಕಾರ ಇರುತ್ತದೆ, ಅದರಾಚೆಗೆ ಯಜಮಾನರ ಅಥವಾ ಎಂ.ಡಿ.ಯವರ ಒಪ್ಪಿಗೆ ಬೇಕು. ಆ ಮಿತಿ ಎಷ್ಟು ಎಂಬುದನ್ನು ಎರಡನೇ ಭೇಟಿಯಲ್ಲೇ ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಐ.ಟಿ. ವಿಭಾಗದವರು ಬೇಕು ಎನ್ನುವವರಲ್ಲ, ಬೇಡ ಎನ್ನಬಲ್ಲವರು: ಇ.ಆರ್.ಪಿ.ಗೆ ಹೇಗೆ ಜೋಡಿಸುತ್ತೀರಿ, ದತ್ತಾಂಶ ಎಲ್ಲಿರುತ್ತದೆ, ನಾಳೆ ನಿಮ್ಮ ಕಂಪನಿ ಮುಚ್ಚಿದರೆ ನಮ್ಮ ದಾಖಲೆಗಳ ಗತಿಯೇನು ಎಂಬ ಮೂರು ಪ್ರಶ್ನೆಗಳಿಗೆ ಎರಡು ಪುಟದ ಲಿಖಿತ ಉತ್ತರವನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ. ಮೂರನೆಯದಕ್ಕೆ, ಎಲ್ಲ ದಾಖಲೆಗಳನ್ನೂ ಎಕ್ಸೆಲ್ ಮತ್ತು ಪಿ.ಡಿ.ಎಫ್. ರೂಪದಲ್ಲಿ ಯಾವಾಗ ಬೇಕಾದರೂ ಇಳಿಸಿಕೊಳ್ಳುವ ಗುಂಡಿಯನ್ನು ಪರದೆಯ ಮೇಲೆ ತೋರಿಸುವುದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಯಾರ ಲೆಕ್ಕಕ್ಕೂ ಬಾರದ ಆದರೆ ಎಲ್ಲರಿಗಿಂತ ಬಲವಾದ ಇನ್ನೊಬ್ಬರು ಶಾಪ್ ಫ್ಲೋರಿನ ಆಪರೇಟರ್. ಅವರು ಬೇಡ ಎನ್ನುವುದಿಲ್ಲ, ನಮೂದು ಮಾಡುವುದಿಲ್ಲ ಅಷ್ಟೇ.

ಗುಣಮಟ್ಟ ಮುಖ್ಯಸ್ಥರು ಎಂ.ಡಿ.ಯವರಿಗೆ ಬರೆಯಬೇಕಾದ ಒಪ್ಪಿಗೆ ಟಿಪ್ಪಣಿಯ ಕರಡನ್ನು ನೀವೇ ಬರೆದುಕೊಡಿ. ಒಂದೇ ಪುಟ, ಅವರ ಕಂಪನಿಯ ನಮೂನೆಯಲ್ಲಿ, ನಿಮ್ಮ ಸಾಫ್ಟ್‌ವೇರಿನ ವರ್ಣನೆಗೆ ಎರಡೇ ಸಾಲು, ಉಳಿದದ್ದು ಮೇಲೆ ಹೇಳಿದ ದೂರಿನ ಲೆಕ್ಕ. ಹತ್ತು ವರ್ಷದ ಹಿಂದೆ ನಾನು ಇದನ್ನು ಮಾಡದೆ ಒಂದು ಆರ್ಡರ್ ಕಳೆದುಕೊಂಡೆ. ಪೈಲಟ್ ಚೆನ್ನಾಗಿ ನಡೆದಿತ್ತು, ಗುಣಮಟ್ಟ ಮುಖ್ಯಸ್ಥರು ಬಾಯಿತುಂಬ ಹೊಗಳಿದ್ದರು, ಆದರೆ ಯಾವುದೂ ಕಾಗದದ ಮೇಲೆ ಇರಲಿಲ್ಲ. ಅವರು ಬೇರೆ ಕಂಪನಿ ಸೇರಿದ ತಿಂಗಳಲ್ಲಿ ಹೊಸಬರು ನನ್ನನ್ನು ಕೇಳಿದ್ದು, ‘ಇದು ಏನು, ಯಾರು ತಂದದ್ದು?’ ಆಮೇಲಿನ ಐದು ತಿಂಗಳು ಮೊದಲಿನಿಂದ ಹೇಳಿದ್ದೇ ಆಯಿತು. ಒಂಬತ್ತು ತಿಂಗಳ ಅವಧಿಯಲ್ಲಿ ನಿಮ್ಮ ಪರ ಇರುವವರು ಕೆಲಸ ಬದಲಿಸುವುದು ಅಪರೂಪದ ಸಂಗತಿಯಲ್ಲ. ಪ್ರತಿ ಕಾರ್ಖಾನೆಯಲ್ಲಿ ನಿಮ್ಮನ್ನು ಹೆಸರು ಹಿಡಿದು ಬಲ್ಲ ಎರಡನೆಯವರೊಬ್ಬರು ಇರಲೇಬೇಕು.

ಪೈಲಟ್ ಉಚಿತವಾಗಿರಕೂಡದು. ಆರು ವಾರಕ್ಕೆ 1 ಲಕ್ಷ ರೂಪಾಯಿ ಕೇಳಿ, ಆರ್ಡರ್ ಬಂದರೆ ಮೊದಲ ವರ್ಷದ ಬೆಲೆಯಲ್ಲಿ ಅದನ್ನು ಕಳೆಯಿರಿ. ಆ ಹಣ ನಿಮಗೆ ಮುಖ್ಯವಲ್ಲ. 1 ಲಕ್ಷಕ್ಕೂ ಒಂದು ಖರೀದಿ ಆದೇಶ ಬೇಕು, ಆದೇಶಕ್ಕೆ ವೆಂಡರ್ ಕೋಡ್ ಬೇಕು, ಕೋಡ್‌ಗೆ ಪ್ಯಾನ್, ಜಿ.ಎಸ್.ಟಿ. ನೋಂದಣಿ, ರದ್ದಾದ ಚೆಕ್, ಹಿಂದಿನ ವರ್ಷಗಳ ಲೆಕ್ಕಪತ್ರ, ಗೋಪ್ಯತೆ ಒಪ್ಪಂದ ಎಲ್ಲವೂ ಬೇಕು. ಮೂರರಿಂದ ಆರು ವಾರ ತಿನ್ನುವ ಈ ಕೆಲಸ ಪೈಲಟ್‌ಗೆ ಮುನ್ನವೇ ಮುಗಿದುಬಿಡುತ್ತದೆ. ಉಚಿತ ಪೈಲಟ್ ಮಾಡಿದವರು ಇದನ್ನೆಲ್ಲ ಕೊನೆಯಲ್ಲಿ, ಎಲ್ಲರ ಉತ್ಸಾಹ ಇಳಿದ ಮೇಲೆ ಶುರುಮಾಡುತ್ತಾರೆ. ನಿಮ್ಮ 11 ತಿಂಗಳ ಆರ್ಡರನ್ನು ಹಿಂದಕ್ಕೆ ಓದಿ ನೋಡಿ, ಎರಡು ತಿಂಗಳಾದರೂ ಇಲ್ಲಿ ಹೋಗಿರುತ್ತದೆ.

ಪೈಲಟ್ ಪತ್ರದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಒಂದು ಲೈನ್, ಒಂದು ಅಥವಾ ಎರಡು ಬಿಡಿಭಾಗ ಮಾತ್ರ. ಯಶಸ್ಸನ್ನು ಅಳೆಯುವ ಎರಡು ಅಂಕಿ, ಉದಾಹರಣೆಗೆ, ತಪ್ಪಿಹೋಗುವ ತಪಾಸಣೆಗಳು ನೂರಕ್ಕೆ ಎಷ್ಟರಿಂದ ಎಷ್ಟಕ್ಕೆ ಇಳಿಯಬೇಕು, ಗ್ರಾಹಕರು ಕೇಳಿದ ಒಂದು ಬ್ಯಾಚಿನ ದಾಖಲೆಯನ್ನು ಹುಡುಕಿ ಕೊಡಲು ಈಗ ಬೇಕಾಗುವ ಮೂರು ಗಂಟೆ ಎಷ್ಟಕ್ಕೆ ಇಳಿಯಬೇಕು ಎಂಬುದು. ಈಗಿನ ಅಂಕಿಯನ್ನು ಪೈಲಟ್‌ಗೆ ಮುಂಚಿನ ಒಂದು ವಾರ ಎಣಿಸಿಯೇ ಬರೆಯಬೇಕು, ಊಹಿಸಿ ಅಲ್ಲ. ಪೂರ್ಣ ಆರ್ಡರಿನ ಬೆಲೆ ಆ ಪತ್ರದಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏಳನೇ ವಾರದಲ್ಲಿ ಪ್ಲಾಂಟ್ ಹೆಡ್ ಕೂತು ಫಲಿತಾಂಶ ನೋಡುವ ಸಭೆಯ ದಿನಾಂಕ ಇರಬೇಕು. ಇ.ಆರ್.ಪಿ. ಜೋಡಣೆ ಪೈಲಟ್‌ನಲ್ಲಿ ಇರುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಮೂರನೇ ವಾರದಲ್ಲಿ ಆ ಬೇಡಿಕೆ ಬಂದು ಆರು ವಾರ ಹದಿನಾರಾಗುತ್ತದೆ, ಮತ್ತು ಮುಂದಿನ ಕಾರ್ಖಾನೆಗೆ ಕೊಡಬೇಕಾದ ಕೈಗಳು ಇಲ್ಲಿಯೇ ಸಿಕ್ಕಿಕೊಳ್ಳುತ್ತವೆ.

ಪೈಲಟ್ ಹಾಳಾಗುತ್ತಿದೆ ಎಂಬುದು ಎರಡನೇ ವಾರದಲ್ಲೇ ಗೊತ್ತಾಗುತ್ತದೆ. ಹಗಲು ಪಾಳಿಯ ನಮೂದುಗಳು ತುಂಬಿದ್ದು ರಾತ್ರಿ ಪಾಳಿಯವು ಖಾಲಿ ಇದ್ದರೆ, ಅಥವಾ ದಿನದ ಎಲ್ಲ ನಮೂದುಗಳೂ ಸಂಜೆ ಐದಕ್ಕೆ ಹತ್ತು ನಿಮಿಷದ ಒಳಗೆ ದಾಖಲಾಗಿದ್ದರೆ, ಆಪರೇಟರ್‌ಗಳು ಹಾಳೆಯಲ್ಲೇ ಬರೆದು ಆಮೇಲೆ ಯಾರೋ ಒಬ್ಬರು ತುಂಬುತ್ತಿದ್ದಾರೆ ಎಂದರ್ಥ. ಆಗ ಸಾಫ್ಟ್‌ವೇರ್ ಎರಡನೇ ಎಕ್ಸೆಲ್ ಆಗಿರುತ್ತದೆ. ಯಂತ್ರದ ಪಕ್ಕದಲ್ಲಿ ಟ್ಯಾಬ್ಲೆಟ್ ಇಡುವ ಜಾಗ, ಎಣ್ಣೆ ಹತ್ತಿದ ಕೈಯಿಂದ ಒತ್ತಬಹುದಾದ ದೊಡ್ಡ ಗುಂಡಿ, ಕನ್ನಡ ಅಥವಾ ತಮಿಳಿನ ಪರದೆ, ಇಷ್ಟರಿಂದ ಸರಿಹೋದದ್ದನ್ನು ನೋಡಿದ್ದೇನೆ. ಹಳೆಯ ಹಾಳೆಯನ್ನು ನಿಲ್ಲಿಸಲು ಮೇಲ್ವಿಚಾರಕರು ಒಪ್ಪದೆ ಎರಡೂ ಕಡೆ ಬರೆಸುತ್ತಿದ್ದರೆ ಮಾತ್ರ ಯಾವ ಗುಂಡಿಯೂ ನೆರವಿಗೆ ಬರುವುದಿಲ್ಲ. ಅದನ್ನು ಪ್ಲಾಂಟ್ ಹೆಡ್ ಬಳಿ ಅದೇ ವಾರ ಎತ್ತಬೇಕು.

ಬೆಲೆಯ ಬಗ್ಗೆ ಒಂದು ಮಾತು. ವಾರ್ಷಿಕ ಚಂದಾ ಎಂದರೆ ಅದು ಘಟಕದ ದೈನಂದಿನ ಖರ್ಚಿನ ಬಾಬ್ತಿನಿಂದ ಹೋಗಬಹುದು, ಒಂದೇ ಸಲದ ಲೈಸೆನ್ಸ್ ಎಂದರೆ ಬಂಡವಾಳ ವೆಚ್ಚವಾಗಿ ಬೇರೆಯೇ ಸಮಿತಿಯ ಮುಂದೆ ಕೂರುತ್ತದೆ. ಚಂದಾ ರೂಪವನ್ನು ಬಿಡಬೇಡಿ. ಪ್ಲಾಂಟ್ ಹೆಡ್‌ನ ಮಿತಿ 5 ಲಕ್ಷವಿದ್ದರೆ ಮೂರು ಲೈನ್‌ಗಳಿಗೆ ಸೀಮಿತವಾದ 4.8 ಲಕ್ಷದ ಒಂದು ಪ್ರಾಮಾಣಿಕ ಪ್ರಸ್ತಾವವನ್ನು ಕೊಡಬಹುದು. ಆದರೆ ಒಂದೇ ಕೆಲಸವನ್ನು ಎರಡು ಬಿಲ್ ಮಾಡಿ ಮಿತಿಯೊಳಗೆ ತೂರಿಸುವ ಸಲಹೆ ಯಾರಿಂದಲಾದರೂ ಬಂದರೆ ಒಪ್ಪಬೇಡಿ. ಆಂತರಿಕ ಆಡಿಟ್‌ನಲ್ಲಿ ಅದು ಸಿಕ್ಕಿಬಿದ್ದಾಗ ಹೋಗುವುದು ಮುಂದಿನ ವರ್ಷದ ನವೀಕರಣ. ಬಜೆಟ್ ತಿಂಗಳುಗಳನ್ನೂ ನೆನಪಿಡಿ. ಏಪ್ರಿಲ್–ಮಾರ್ಚ್ ಲೆಕ್ಕದ ಕಾರ್ಖಾನೆಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಮುಂದಿನ ವರ್ಷದ ಬಜೆಟ್ ಬರೆಯುತ್ತವೆ. ಈ ವರ್ಷ ಹಣವಿಲ್ಲ ಎಂದವರ ಬಜೆಟ್ ಹಾಳೆಯಲ್ಲಿ ಆಗ ನಿಮ್ಮ ಹೆಸರಿನ ಸಾಲು ಸೇರದಿದ್ದರೆ ಮತ್ತೊಂದು ವರ್ಷ ಹೋದಂತೆ. ಕ್ಯಾಲೆಂಡರ್ ವರ್ಷದ ಲೆಕ್ಕ ಇಡುವ ವಿದೇಶಿ ಮೂಲದ ಕಂಪನಿಗಳಲ್ಲಿ ಈ ಕೆಲಸ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ನಡೆಯುತ್ತದೆ. ಮಾರ್ಚ್ ಕೊನೆಯ ಹತ್ತು ದಿನ ಡಿಸ್‌ಪ್ಯಾಚ್ ಗಡಿಬಿಡಿ, ಯಾರೂ ಕೈಗೆ ಸಿಗುವುದಿಲ್ಲ. ಸಹಿಗಳು ಮಾರ್ಚ್ 15ರೊಳಗೆ ಆಗುವಂತೆ ನೋಡಿಕೊಳ್ಳಿ.

ಆರ್ಡರ್ ಬಂದ ಮೇಲೂ ಹಣ ಬರುವುದಕ್ಕೆ ಕಾಯಬೇಕು, ಮತ್ತು ಚಿಕ್ಕ ಕಂಪನಿಗಳು ಇಲ್ಲಿ ಪೆಟ್ಟು ತಿನ್ನುತ್ತವೆ. 8 ಲಕ್ಷದ ಇನ್‌ವಾಯ್ಸ್ ಮೇಲೆ 18 ಪ್ರತಿಶತ ಜಿ.ಎಸ್.ಟಿ. ಎಂದರೆ 1.44 ಲಕ್ಷ. ಗ್ರಾಹಕರು ಹಣ ಕೊಟ್ಟಿರಲಿ ಬಿಡಲಿ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಇದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಮಾರ್ಚ್ 28ಕ್ಕೆ ಐದು ಇನ್‌ವಾಯ್ಸ್ ಹೊರಡಿಸಿದರೆ ಏಪ್ರಿಲ್ 20ಕ್ಕೆ ಏಳು ಲಕ್ಷದಷ್ಟು ನಿಮ್ಮ ಕೈಯಿಂದಲೇ ಹೋಗುತ್ತದೆ. ನೀವು ಉದ್ಯಮ್ ನೋಂದಣಿ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಮುದ್ರಿಸಿ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಗಡುವು ಮೀರಿದ ಮೊತ್ತವನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು ಎಂಬ ನಿಯಮ 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆಗೆ ಸೇರಿದ ಮೇಲೆ ಹಣಕಾಸು ವಿಭಾಗಗಳು ಈ ಸಂಖ್ಯೆಯನ್ನು ಗಮನಿಸುತ್ತವೆ. ಗ್ರಾಹಕರಿಗೆ ಕಾನೂನು ನೆನಪಿಸಿ ಪತ್ರ ಬರೆಯುವುದು ಕೊನೆಯ ದಾರಿ; ಇನ್‌ವಾಯ್ಸ್ ಮೇಲಿನ ಒಂದು ಸಾಲು ಸದ್ದಿಲ್ಲದೆ ಆ ಕೆಲಸ ಮಾಡುತ್ತದೆ.

ಎಲ್ಲವನ್ನೂ ಹಣದ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. 1.35 ಕೋಟಿಯಲ್ಲಿ ವರ್ಷದ ಖರ್ಚು 1.08 ಕೋಟಿ ಮತ್ತು ಹೊಸ ಎಂಜಿನಿಯರ್‌ರ 8.25 ಲಕ್ಷ ಹೋಗಿ, ಮೂವರು ಹಳೆಯ ಗ್ರಾಹಕರ ನವೀಕರಣ 24 ಲಕ್ಷ ಮತ್ತು ಹನ್ನೆರಡು ಪೈಲಟ್‌ಗಳ 12 ಲಕ್ಷ ಬಂದರೆ, ತೆರಿಗೆಗಳನ್ನು ಬದಿಗಿಟ್ಟು ನೋಡಿದಾಗ ಮಾರ್ಚ್ ಕೊನೆಗೆ ಸುಮಾರು 55 ಲಕ್ಷ ಉಳಿಯುತ್ತದೆ. ಐದು ಹೊಸ ಆರ್ಡರ್‌ಗಳ 35 ಲಕ್ಷ ಇದರಲ್ಲಿ ಸೇರಿಲ್ಲ, ಅದು ಏಪ್ರಿಲ್‌ನಿಂದ ಜೂನ್ ನಡುವೆ ಬರುವ ಹಣ. ಅಂದರೆ ಮಾರ್ಚ್ ಕೊನೆಗೆ ನಿಮ್ಮ ಕೈಯಲ್ಲಿ ಐದೂವರೆ ತಿಂಗಳ ಖರ್ಚಿಗೆ ಹಣವಿರುತ್ತದೆ. ಎಂಜಿನಿಯರ್ ಬದಲು ಇಬ್ಬರು ಮಾರಾಟಗಾರರನ್ನು ನೇಮಿಸಿಕೊಂಡು ಎಂಟು ಪೈಲಟ್ ಮಾಡಿದ್ದರೆ ಅದೇ ದಿನ 17 ಲಕ್ಷ ಉಳಿದು, ತಿಂಗಳ ಖರ್ಚು 12.5 ಲಕ್ಷಕ್ಕೆ ಏರಿರುತ್ತಿತ್ತು. ಈ ಲೆಕ್ಕದಲ್ಲಿ ಮೂರು ನವೀಕರಣಗಳನ್ನು ಖಚಿತವೆಂದು ಹಿಡಿದಿದ್ದೇನೆ ಎಂಬುದನ್ನು ಗಮನಿಸಿ. ಅವುಗಳಲ್ಲಿ ಒಂದು ತಪ್ಪಿದರೂ ಒಂದು ಹೊಸ ಆರ್ಡರ್ ಕಳೆದುಕೊಂಡಂತೆ, ಆದ್ದರಿಂದ ಆ ಮೂರು ಕಾರ್ಖಾನೆಗಳಿಗೆ ಸಂಸ್ಥಾಪಕರಲ್ಲಿ ಒಬ್ಬರು ತಿಂಗಳಿಗೊಮ್ಮೆ ಹೋಗಿಬರಲಿ. ಹೊಸ ಗ್ರಾಹಕರು ವಿಚಾರಿಸಲು ಫೋನ್ ಮಾಡುವುದೂ ಆ ಕಾರ್ಖಾನೆಗಳಿಗೇ.

ಯೋಜನೆ ಸರಿದಾರಿಯಲ್ಲಿದೆಯೇ ಎಂದು ನೋಡುವ ದಿನವನ್ನು ಸೆಪ್ಟೆಂಬರ್ 30 ಎಂದು ಇಟ್ಟುಕೊಳ್ಳಿ. ಆ ಹೊತ್ತಿಗೆ ಹಣ ಕೊಟ್ಟು ಸಹಿಯಾದ ಪೈಲಟ್ ಪತ್ರಗಳು ಏಳು ಇರಬೇಕು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಇನ್ನಷ್ಟು ಡೆಮೊ ಮಾಡುವುದರಿಂದ ಸರಿಹೋಗುವುದಿಲ್ಲ; ಆರಿಸಿದ ಕಾರ್ಖಾನೆಗಳಲ್ಲಿ ದೂರಿನ ವೆಚ್ಚ ನೀವು ಅಂದುಕೊಂಡಷ್ಟು ಇಲ್ಲ ಎಂದೇ ತಿಳಿಯಬೇಕು. ಆಗ ಬ್ಯಾಂಕಿನಲ್ಲಿ ಇನ್ನೂ ಎಂಟು ಹತ್ತು ತಿಂಗಳ ಹಣ ಇರುತ್ತದೆ, ಮೆಷಿನಿಂಗ್ ಬಿಟ್ಟು ಇನ್ನೊಂದು ಬಗೆಯ ಕಾರ್ಖಾನೆಗಳ ದೂರುಗಳ ಪಟ್ಟಿಯನ್ನು ತೆರೆಸಿ ನೋಡಲು ಅಷ್ಟು ಸಮಯ ಸಾಲುತ್ತದೆ. ಡಿಸೆಂಬರ್‌ವರೆಗೆ ಕಾದರೆ ಸಾಲುವುದಿಲ್ಲ.